ಎರಡು ಸಾವಿರದ ಮುನ್ನೂರ ಮೂವತ್ತೆರಡು ರೂಪಾಯಿ

(ಕೋಥರೂಡದಲ್ಲಿ ನಮ್ಮ ಮಹಿಳಾ ವೇದಿಕೆಯ ಸಂಕ್ರಮಣದ ಅರಿಶಿನ-ಕುಂಕುಮ ಕಾರ್ಯಕ್ರಮದಲ್ಲಿ, 2026ರ ಜನವರಿಯಲ್ಲಿ, ಆಡಿದ ಮಾತುಗಳು)



ಎಳ್ಳು-ಬೆಲ್ಲ ಕೊಡುವ ದಿನ ಲೆಕ್ಕದ ಮಾತು ಬೇಡ ಅಂತ ನಾನು ಅಧ್ಯಕ್ಷರಿಗೆ ಹೇಳಿ ನೋಡಿದೆ. "ನೀವು ಇಪ್ಪತ್ತೆರಡು ವರ್ಷ ಪಗಾರದ ವಿಭಾಗದಾಗ ಕೆಲಸ ಮಾಡೀರಿ, ಹಾಡು ಹೇಳಂದ್ರ ನೀವು ಹೇಳೂದಿಲ್ಲ, ಗೊತ್ತಿರೋದನ್ನs ಹೇಳ್ರಿ" ಅಂದರು. ಆದ್ದರಿಂದ ಇವತ್ತು ಬೋನಸ್ಸಿನ ವಿಷಯ. ಹೆದರಬೇಡಿ, ಒಬ್ಬಳೇ ಒಬ್ಬ ಹೆಣ್ಣುಮಗಳ ಲೆಕ್ಕ, ಒಂದೇ ವರ್ಷದ್ದು.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ. ದೀಪಾವಳಿ ಬಂತು ಅಂದರೆ ನಾವೆಲ್ಲ ಮನೆ ಕೆಲಸದ ಮಾವಶಿಗೆ ಏನು ಕೊಡುತ್ತೇವೆ? ಈ ಊರಿನ ರೂಢಿ ಒಂದು ತಿಂಗಳ ಪಗಾರ. ಹನ್ನೆರಡು ತಿಂಗಳು ದುಡಿದವಳಿಗೆ ಹದಿಮೂರನೆಯ ತಿಂಗಳಿನದು ಅಂತ. ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ, 8.33 ಬರುತ್ತದೆ. ಕಾರ್ಖಾನೆ, ಕಂಪನಿಗಳಿಗೆ ಕಾನೂನು ಹೇಳುವ ಕನಿಷ್ಠ ಬೋನಸ್ಸಿನ ದರವೂ ಶೇಕಡಾ 8.33. ಅಂದರೆ ನಾವು ಮಾವಶಿಗೆ ಕೊಡುವುದೂ ಅಷ್ಟೇ. ವ್ಯತ್ಯಾಸ ಇಷ್ಟೇ, ನಮ್ಮದು ರೂಢಿ, ಅವರದು 2025ರ ನವೆಂಬರ್ ತನಕ 1965ರ ಬೋನಸ್ ಸಂದಾಯ ಕಾಯ್ದೆಯಾಗಿತ್ತು. ಆ ಕಾಯ್ದೆ ಕಾರ್ಖಾನೆಗಳಿಗೂ, ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಇತರ ಸಂಸ್ಥೆಗಳಿಗೂ ಅನ್ವಯವಾಗುತ್ತಿತ್ತು. ನಮ್ಮ ಅಡುಗೆಮನೆಗೆ ಬರುವುದಿಲ್ಲ. ಮೊದಲು ಈ ಕನಿಷ್ಠ ದರ ಶೇಕಡಾ 4 ಇತ್ತು. ಇವತ್ತಿನ 8.33 ಮುಂದೆ ಬಂದದ್ದು, ಅದೂ ತುರ್ತು ಪರಿಸ್ಥಿತಿಯ ಕಾಲದಲ್ಲಿ ಮತ್ತೆ ಇಳಿದು, ಆಮೇಲೆ ಏರಿದ್ದು.

ಈಗ ಆ ಹೆಣ್ಣುಮಗಳ ವಿಷಯ. ವಿಜಯಪುರ ಜಿಲ್ಲೆಯವಳು. ನಮ್ಮ ಸೊಸೈಟಿಯ ಹಿಂದಿನ ಚಾಳಿನಲ್ಲಿ ಗಂಡ, ಮಗಳ ಜೊತೆ ಇದ್ದಾಳೆ. ಮಸಾಲೆ ಮತ್ತು ಫರಾಳದ ತಿನಿಸುಗಳನ್ನು ಪ್ಯಾಕ್ ಮಾಡುವ ಒಂದು ಘಟಕದಲ್ಲಿ ಕೆಲಸ ಮಾಡುತ್ತಿದ್ದಳು. ಸುಮಾರು ಮೂವತ್ತೈದು ಜನ ಅಲ್ಲಿ, ಹೆಚ್ಚಿನವರು ಹೆಂಗಸರು. ಅದರ ಹೆಸರು ಹೇಳುವುದಿಲ್ಲ, ಅದರಿಂದ ನಿಮಗೆ ಪ್ರಯೋಜನವೂ ಇಲ್ಲ. 2024ರ ಸೆಪ್ಟೆಂಬರ್ 2ಕ್ಕೆ ಸೇರಿದಳು, 2025ರ ಜೂನ್ ಕೊನೆಗೆ ಬಿಟ್ಟಳು. ಮನೆಗೆ ಹತ್ತಿರ ಬೇರೆ ಕೆಲಸ ಸಿಕ್ಕಿತ್ತು.

ಕಳೆದ ಅಕ್ಟೋಬರಿನಲ್ಲಿ, ದೀಪಾವಳಿಯ ಮುಂಚೆ, ಅವಳ ಬ್ಯಾಂಕ್ ಖಾತೆಗೆ 2,332 ರೂಪಾಯಿ ಬಂತು. ಬೋನಸ್ ಅಂತ ಮೆಸೇಜು. ಮೊಬೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಅಕ್ಕಾರ, ಇಷ್ಟ ಹಾಕ್ಯಾರ. ಬಿಟ್ಟು ಹೋದವರಿಗೆ ಇಷ್ಟ ಕೊಟ್ಟದ್ದs ದೊಡ್ಡದು ಅಂದ್ರು ಆಫೀಸಿನಾಗ. ಖರೇನ?" ಅಂದಳು. ಮಗಳ ಶಾಲೆಯ ಫೀಸಿಗಾಗಿ ಕಿವಿಯ ಬೆಂಡೋಲೆ ಆರು ಸಾವಿರಕ್ಕೆ ಗಿರವಿ ಇಟ್ಟಿದ್ದಳು. ಬೋನಸ್ ಬಂದ ಮೇಲೆ ಬಿಡಿಸಿಕೊಂಡು ಬರುವುದು ಅಂತ ಲೆಕ್ಕ ಹಾಕಿ ಕೂತಿದ್ದಳು.

ನಾನು ಮೊದಲು ಮಾಡಿದ್ದು ಕಾಯ್ದೆ ಓದುವುದಲ್ಲ. ಈ 2,332 ಎಲ್ಲಿಂದ ಬಂತು ಅಂತ ಹುಡುಕಿದ್ದು. ಪಗಾರದ ವಿಭಾಗದಲ್ಲಿ ಕೂತವರಿಗೆ ಒಂದು ಅಭ್ಯಾಸ ಇರುತ್ತದೆ, ಕೊಟ್ಟ ಮೊತ್ತವನ್ನು ಹಿಂದಕ್ಕೆ ಬಿಚ್ಚುವುದು. ಬೋನಸ್ಸಿನ ಮೊತ್ತವನ್ನು 0.0833ರಿಂದ ಭಾಗಿಸಿದರೆ ಅವರು ಎಷ್ಟು ಪಗಾರದ ಮೇಲೆ ಲೆಕ್ಕ ಹಾಕಿದ್ದಾರೆ ಅಂತ ಸಿಗುತ್ತದೆ. ಮೊಬೈಲಿನಲ್ಲೇ ಮಾಡಿದೆ. ಹತ್ತಿರ ಹತ್ತಿರ 28,000. ಏಳು ತಿಂಗಳು ದುಡಿದವಳ ಪಗಾರ ಒಟ್ಟು 28,000 ಹೇಗೆ ಆದೀತು? ಆದರೆ 28,000 ಅಂದರೆ ನಾಲ್ಕು ಸಲ 7,000. ಆಗ ಎರಡೂ ತಪ್ಪು ಕಣ್ಣಿಗೆ ಬಿದ್ದವು. ಒಂದು, ಅವರು ತಿಂಗಳಿಗೆ 7,000 ಅಂತ ಹಿಡಿದಿದ್ದಾರೆ. ಎರಡು, ನಾಲ್ಕೇ ತಿಂಗಳು ಎಣಿಸಿದ್ದಾರೆ.

ಸುಲಭದ್ದನ್ನು ಮೊದಲು ಹೇಳುತ್ತೇನೆ, ತಿಂಗಳ ವಿಷಯ.

ಬೋನಸ್ಸಿನ ವರ್ಷ ಹೆಚ್ಚಿನ ಕಡೆ ಏಪ್ರಿಲ್‌ನಿಂದ ಮಾರ್ಚ್. ಇವಳು ಸೆಪ್ಟೆಂಬರಿನಿಂದ ಮಾರ್ಚ್ ತನಕ ಏಳು ತಿಂಗಳು ದುಡಿದಳು. ನಾಲ್ಕು ಎಲ್ಲಿಂದ ಬಂತು ಅಂತ ಕೇಳಿದಾಗ ಅವರು ಹೇಳಿದ್ದು, "ಮೊದಲ ಮೂರು ತಿಂಗಳು ಪ್ರೊಬೇಶನ್, ಅದಕ್ಕೆ ಬೋನಸ್ ಇಲ್ಲ". ನಾನು ಕೆಲಸದಲ್ಲಿದ್ದಾಗಿನಿಂದಲೂ ಇಂಥ ಮಾತುಗಳನ್ನು ಕೇಳಿದ್ದೇನೆ. ಒಂದು ಕಡೆ ಆರು ತಿಂಗಳು ಆಗಬೇಕು ಅಂತಾರೆ, ಇನ್ನೊಂದು ಕಡೆ ವರ್ಷ ತುಂಬಬೇಕು ಅಂತಾರೆ, ಮತ್ತೊಂದು ಕಡೆ ದೀಪಾವಳಿಯ ದಿನ ಕೆಲಸದಲ್ಲಿ ಇರಬೇಕು ಅಂತಾರೆ. ಕಾಯ್ದೆಯಲ್ಲಿ ಇದು ಯಾವುದೂ ಇಲ್ಲ. ಅದರ 8ನೆಯ ಕಲಮು ಕೇಳುತ್ತಿದ್ದದ್ದು ಒಂದೇ, ಆ ವರ್ಷದಲ್ಲಿ ಕನಿಷ್ಠ ಮೂವತ್ತು ದಿನ ಕೆಲಸ ಮಾಡಿರಬೇಕು. ತಿಂಗಳಲ್ಲ, ದಿನ. ಅದೂ ಕೆಲಸದ ದಿನ. ಒಬ್ಬ ಹುಡುಗಿ 2025ರ ಫೆಬ್ರವರಿ 17ಕ್ಕೆ ಸೇರಿ ಮಾರ್ಚ್ 31ರ ತನಕ ವಾರಕ್ಕೆ ಆರು ದಿನ ಬಂದಿದ್ದಾಳೆ ಅನ್ನಿ. ಭಾನುವಾರಗಳನ್ನೂ ಹೋಳಿಯ ರಜೆಯನ್ನೂ ತೆಗೆದರೂ 36 ದಿನ ಆಗುತ್ತದೆ. ಅವಳಿಗೂ ಬೋನಸ್ ಬರಬೇಕು, ಆ ಒಂದೂವರೆ ತಿಂಗಳ ಪಗಾರದ ಮೇಲೆ. ಪ್ರೊಬೇಶನ್‌ನಲ್ಲಿ ಇದ್ದಾಳೋ ಪರ್ಮನೆಂಟೋ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಕೆಲಸ ಬಿಟ್ಟವರಿಗೂ ಅಷ್ಟೇ. ಬೋನಸ್ ದುಡಿದ ವರ್ಷದ್ದು, ಹಂಚುವ ದಿನದ್ದಲ್ಲ. 1965ರ ಕಾಯ್ದೆಯಲ್ಲಿ ಕಳೆದುಕೊಳ್ಳುತ್ತಿದ್ದದ್ದು ವಂಚನೆ, ಕಳವು, ಹಣ ದುರುಪಯೋಗ, ಕಾರ್ಖಾನೆಯಲ್ಲಿ ದೊಂಬಿ-ಹಿಂಸೆ, ಬೇಕೆಂದೇ ಹಾನಿ ಮಾಡುವುದು, ಇಂಥದಕ್ಕಾಗಿ ವಜಾ ಆದವರು ಮಾತ್ರ. ಇವಳು ರಾಜೀನಾಮೆ ಬರೆದುಕೊಟ್ಟು ಬಂದವಳು. ಇನ್ನೊಂದು ಸಣ್ಣ ಮಾತು. ಇವಳು ಏಪ್ರಿಲ್, ಮೇ, ಜೂನ್ ದುಡಿದದ್ದು ಮುಂದಿನ ವರ್ಷದ ಲೆಕ್ಕ. ಅದು ಈ ಸಲ ಬರಲಿಲ್ಲ ಅಂತ ಜಗಳ ಆಡುವಂತಿಲ್ಲ. ಆದರೆ ಆ ಮೂರು ಪಗಾರ ಚೀಟಿಗಳನ್ನು ಎಸೆಯಬೇಡ, ಬರುವ ದೀಪಾವಳಿಗೆ ಬೇಕಾಗುತ್ತವೆ ಅಂತ ಹೇಳಿದ್ದೇನೆ.

ದಿನ ಎಣಿಸುವಾಗ ನಮ್ಮ ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಒಂದು ವಿಷಯ ಇದೆ. ಪಗಾರ ಸಹಿತದ ರಜೆ, ಕೆಲಸದಲ್ಲಿ ಆದ ಅಪಘಾತದಿಂದ ಮನೆಯಲ್ಲಿದ್ದ ದಿನ, ಪಗಾರ ಸಹಿತದ ಹೆರಿಗೆ ರಜೆ, ಇವೆಲ್ಲ ದುಡಿದ ದಿನ ಅಂತಲೇ ಎಣಿಕೆ. ಇದು ಆ ಕಾಯ್ದೆಯ 14ನೆಯ ಕಲಮಾಗಿತ್ತು. ಆದ್ದರಿಂದ ಕಂಪನಿಯೇ ಹೆರಿಗೆ ರಜೆಯ ಪಗಾರ ಕೊಟ್ಟಿದ್ದರೆ ಆ ಆರು ತಿಂಗಳನ್ನು ಕೈಬಿಡುವ ಹಾಗಿಲ್ಲ. ಆದರೆ ಕಡಿಮೆ ಪಗಾರದವರಿಗೆ ಸಾಮಾನ್ಯವಾಗಿ ಹೆರಿಗೆಯ ಹಣ ಇಎಸ್‌ಐ ಕಡೆಯಿಂದ ಬರುತ್ತದೆ. ಆಗ ಮಾಲೀಕರು "ಅದು ನಾವು ಕೊಟ್ಟ ಪಗಾರ ಅಲ್ಲ" ಅನ್ನುತ್ತಾರೆ. ಕಾಯ್ದೆಯ ಮಾತು "ಪಗಾರ ಸಹಿತ" ಅಂತ ಇರುವುದರಿಂದ ಅವರ ವಾದಕ್ಕೆ ಆಧಾರ ಸಿಗುತ್ತದೆ. ಅಲ್ಲಿ ಜಗಳ ಸುಲಭವಲ್ಲ, ವಕೀಲರನ್ನು ಕೇಳಿಯೇ ಮುಂದೆ ಹೋಗಬೇಕು. ಯಾರಿಗಾದರೂ ಗ್ಯಾರಂಟಿ ಕೊಡುವ ಮುಂಚೆ ಹೆರಿಗೆಯ ಹಣ ಯಾರು ಕೊಟ್ಟರು ಅಂತ ಕೇಳಿಕೊಳ್ಳಿ.

ಇನ್ನು ಆ 7,000ದ ವಿಷಯ. ಇವತ್ತು ಇಲ್ಲಿಂದ ಒಂದೇ ಒಂದು ಮಾತು ನೆನಪಿಟ್ಟುಕೊಂಡು ಹೋಗುವುದಾದರೆ ಇದನ್ನು ಇಟ್ಟುಕೊಳ್ಳಿ.

ಬೋನಸ್ಸಿನಲ್ಲಿ ಎರಡು ಮಿತಿಗಳಿವೆ. ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು ಬಾಗಿಲಿನ ಮಿತಿ, ಇನ್ನೊಂದು ಅಳತೆಯ ಮಿತಿ. 1965ರ ಕಾಯ್ದೆಯಲ್ಲಿ ಬಾಗಿಲಿನ ಮಿತಿ 21,000 ಇತ್ತು. ತಿಂಗಳ ಪಗಾರ 21,000ಕ್ಕಿಂತ ಹೆಚ್ಚಿದ್ದವರು ಆ ಕಾಯ್ದೆಯ ಒಳಗೆ ಬರುತ್ತಿರಲಿಲ್ಲ. ಅಳತೆಯ ಮಿತಿ 7,000 ಇತ್ತು. ಒಳಗೆ ಬಂದವರ ಪಗಾರ ಎಷ್ಟೇ ಇರಲಿ, ಇಷ್ಟಕ್ಕೇ ಲೆಕ್ಕ ಹಾಕಿ ಅನ್ನುವುದು. 2015ರ ತಿದ್ದುಪಡಿಯಲ್ಲಿ ಈ ಎರಡೂ ಅಂಕಿಗಳು ಬಂದವು. ಅದಕ್ಕೆ ಮುಂಚೆ 10,000 ಮತ್ತು 3,500 ಇದ್ದವು.

ಆದರೆ ಅದೇ ತಿದ್ದುಪಡಿ 7,000ದ ಪಕ್ಕದಲ್ಲಿ ಇನ್ನೊಂದು ತುಂಡು ಸೇರಿಸಿತು. 12ನೆಯ ಕಲಮಿನಲ್ಲಿ ಆಮೇಲೆ ಇದ್ದದ್ದು ಬರೀ 7,000 ಅಲ್ಲ. 7,000 ಅಥವಾ ಆ ಕೆಲಸಕ್ಕೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಹೆಚ್ಚೋ ಅದು. ನಮ್ಮ ಪುಣೆಯಂಥ ಊರಿನಲ್ಲಿ ತಿಂಗಳ ಕನಿಷ್ಠ ವೇತನ 7,000ವನ್ನು ದಾಟಿ ಎಷ್ಟೋ ಕಾಲವಾಯಿತು. ಅಂದರೆ ಇಲ್ಲಿ 7,000 ಅನ್ನುವ ಅಂಕಿ ಕಾಗದದ ಮೇಲಷ್ಟೇ ಇತ್ತು. ಆದರೂ ಅನೇಕ ಆಫೀಸುಗಳ ಕಂಪ್ಯೂಟರಿನಲ್ಲಿ ಇನ್ನೂ ಅದೇ ಕೂತಿದೆ. ಕೆಲವರಿಗೆ ನಿಜವಾಗಿ ಗೊತ್ತಿಲ್ಲ. ಕೆಲವರಿಗೆ ಗೊತ್ತಿದ್ದೂ ಯಾರೂ ಕೇಳುವುದಿಲ್ಲ ಅಂತ ಗೊತ್ತು.

ಇವಳ ಪಗಾರ ಚೀಟಿ ನೋಡೋಣ. ನಿಮಗೆ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡು ಮಾಡಿದ್ದೇನೆ. ಮೂಲ ವೇತನ 10,800. ವಿಶೇಷ ಭತ್ತೆ 3,200. ಮನೆ ಬಾಡಿಗೆ ಭತ್ತೆ 700. ಹೋಗಿ-ಬರುವ ಖರ್ಚು ಅಂತ 800. ಒಟ್ಟು 15,500.

ಇಲ್ಲಿ ನಾನೇ ಎಡವಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮೊದಲ ದಿನ ಸಿಟ್ಟಿನಲ್ಲಿ 15,500ರ ಮೇಲೆ ಲೆಕ್ಕ ಹಾಕಿ ಅವಳಿಗೆ ದೊಡ್ಡ ಮೊತ್ತ ಹೇಳಿಬಿಟ್ಟೆ. ರಾತ್ರಿ ಮಲಗಿದ ಮೇಲೆ ತಪ್ಪು ಹೊಳೆಯಿತು. ಬೋನಸ್ಸಿಗೆ ಪಗಾರ ಅಂದರೆ ಮೂಲ ವೇತನ ಮತ್ತು ತುಟ್ಟಿಭತ್ತೆ ಮಾತ್ರ. ಮನೆ ಬಾಡಿಗೆ, ಪ್ರಯಾಣ, ಓವರ್‌ಟೈಮ್, ಪಿಎಫ್‌ಗೆ ಮಾಲೀಕರು ಕಟ್ಟುವ ಪಾಲು, ಕಮಿಷನ್ ಇವೆಲ್ಲ ಹೊರಗೆ. ಮಹಾರಾಷ್ಟ್ರದಲ್ಲಿ ಕನಿಷ್ಠ ವೇತನದ ಜೊತೆ ಬರುವ ಈ ವಿಶೇಷ ಭತ್ತೆ ಬೆಲೆಯೇರಿಕೆಗೆ ಹೊಂದಿಕೊಂಡು ಜನವರಿಗೂ ಜುಲೈಗೂ ಬದಲಾಗುತ್ತದೆ. ಹೆಸರು ಬೇರೆಯಾದರೂ ಅದು ತುಟ್ಟಿಭತ್ತೆಯೇ, ಆದ್ದರಿಂದ ಅದು ಒಳಗೆ. ಹಾಗಾಗಿ ಇವಳ ಬೋನಸ್ಸಿನ ಪಗಾರ 10,800 ಕೂಡಿಸು 3,200, ಅಂದರೆ 14,000. ಮರುದಿನ ಬೆಳಿಗ್ಗೆ ಅವಳಿಗೆ ಹೋಗಿ ಹೇಳಿದೆ, "ನಿನ್ನೆ ಹೇಳಿದ್ದು ಹೆಚ್ಚಾತವ್ವಾ, ಕಡಿಮಿ ಮಾಡ್ಕೊ" ಅಂತ. ಅವಳು ನಕ್ಕಳು. "ನೀವೂ ಕಡಿಮಿ ಮಾಡಿದ್ರಿ, ಅವರೂ ಕಡಿಮಿ ಮಾಡಿದ್ರು" ಅಂದಳು.

ಈ ಮೂಲ-ಭತ್ತೆಯ ಮಾತು ಬಾಗಿಲಿನ ಮಿತಿಗೂ ಅನ್ವಯಿಸುತ್ತದೆ. ಒಟ್ಟು ಪಗಾರ 26,000 ಇರುವ ಹುಡುಗಿಗೆ "ನೀನು 21,000 ದಾಟಿದ್ದೀ" ಅಂತ ಹೇಳಿ ಕಳಿಸಿದರೆ ಚೀಟಿ ನೋಡಿ. ಮೂಲ ಮತ್ತು ತುಟ್ಟಿಭತ್ತೆ ಸೇರಿ 18,500 ಆಗಿದ್ದರೆ ಅವಳು ಒಳಗೇ ಇದ್ದಾಳೆ. ನಮ್ಮ ಮಕ್ಕಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಇದು ಬರಬಹುದು, ಪ್ಯಾಕಿಂಗ್ ಮಾಡುವವರ ವಿಷಯ ಮಾತ್ರ ಅಲ್ಲ.

ಮತ್ತೆ 14,000ಕ್ಕೆ ಬರೋಣ. ಇವಳ ದರ್ಜೆಗೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನವೂ ಅಷ್ಟೇ ಇತ್ತು, ಮಾಲೀಕರು ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡುತ್ತಿರಲಿಲ್ಲ. ಅದನ್ನು ಹುಡುಕುವುದು ಹೇಗೆ ಅಂದರೆ, ಮಹಾರಾಷ್ಟ್ರ ಕಾರ್ಮಿಕ ಆಯುಕ್ತರು ಆರು ತಿಂಗಳಿಗೊಮ್ಮೆ ದರದ ಪಟ್ಟಿ ಹೊರಡಿಸುತ್ತಾರೆ. ಅದರಲ್ಲಿ ಮೂರು ವಿಷಯ ಸರಿಯಾಗಿ ಹಿಡಿಯಬೇಕು: ಯಾವ ಬಗೆಯ ಉದ್ಯೋಗ, ಯಾವ ವಲಯ, ಕುಶಲ-ಅರೆಕುಶಲ-ಅಕುಶಲ ಯಾವ ದರ್ಜೆ. ನಾನು ಮೊದಲು ತಪ್ಪು ಉದ್ಯೋಗದ ಸಾಲು ನೋಡಿದ್ದೆ, ಅಂಕಿ ಚೀಟಿಗೆ ಹೊಂದಲಿಲ್ಲ, ಅದರಿಂದಲೇ ತಪ್ಪು ಗೊತ್ತಾಯಿತು. ಯಾವ ಆರು ತಿಂಗಳ ಪಟ್ಟಿ ಅನ್ನುವುದನ್ನೂ ನೋಡಿಕೊಳ್ಳಿ, ಇವತ್ತಿನ ಪಟ್ಟಿ ಹಿಡಿದು ಎರಡು ವರ್ಷ ಹಿಂದಿನ ಪಗಾರ ಅಳೆಯಬಾರದು.

ಹಾಗಾದರೆ ಅಳತೆಯ ಮಿತಿ 7,000 ಮತ್ತು 14,000ದಲ್ಲಿ ಹೆಚ್ಚಿನದು, 14,000. ಇವಳ ಪಗಾರ ಅದನ್ನು ದಾಟುವುದಿಲ್ಲ. ಆದ್ದರಿಂದ ಅವಳು ಪಡೆದ ಪೂರ್ತಿ ಮೂಲ ಮತ್ತು ಭತ್ತೆಯ ಮೇಲೆ ಬೋನಸ್.

ಏಳು ತಿಂಗಳಲ್ಲಿ ಆರು ತಿಂಗಳು ಪೂರ್ತಿ 14,000. ಜನವರಿಯಲ್ಲಿ ಅತ್ತೆ ಆಸ್ಪತ್ರೆಯಲ್ಲಿದ್ದರು ಅಂತ ಎಂಟು ದಿನ ಊರಿಗೆ ಹೋಗಿದ್ದಳು, ಪಗಾರ ಕಟ್. ಆ ತಿಂಗಳ ಚೀಟಿಯಲ್ಲಿ ಮೂಲ ಮತ್ತು ಭತ್ತೆ 9,692 ಬಂದಿತ್ತು. ಬೋನಸ್ ಗಳಿಸಿದ ಪಗಾರದ ಮೇಲೆ, ಆದ್ದರಿಂದ ಜನವರಿಗೆ 9,692ನ್ನೇ ಹಿಡಿಯಬೇಕು. ಇಲ್ಲಿ ನಾವು ಹೆಚ್ಚು ಕೇಳಿದರೆ ಅವರು ಅದೊಂದನ್ನೇ ಹಿಡಿದು ಉಳಿದದ್ದನ್ನೂ ತಳ್ಳಿಹಾಕುತ್ತಾರೆ. ಆರು ತಿಂಗಳ 84,000ಕ್ಕೆ 9,692 ಕೂಡಿಸಿದರೆ 93,692. ಅದಕ್ಕೆ ಶೇಕಡಾ 8.33 ಅಂದರೆ 7,804 ರೂಪಾಯಿ 54 ಪೈಸೆ. ದುಂಡಾಗಿ 7,805. ಬಂದದ್ದು 2,332. ಬರಬೇಕಾದದ್ದು ಇನ್ನೂ 5,473.

ಶೇಕಡಾ 8.33ರ ಬಗ್ಗೆ ಒಂದು ಮಾತು ಸಾಕು. ಅದು ಕೆಳಗಿನ ಮಿತಿ, ನಷ್ಟ ಇದ್ದರೂ ಕೊಡಬೇಕಾದದ್ದು. ಹೊಸದಾಗಿ ಶುರುವಾದ ಸಂಸ್ಥೆಗೆ ಮಾತ್ರ ಮೊದಲ ಐದು ವರ್ಷ ಲಾಭ ಬಂದ ವರ್ಷಕ್ಕಷ್ಟೇ ಬೋನಸ್. ಇವಳ ಘಟಕ ಅದಕ್ಕಿಂತ ಹಳೆಯದು. ಲಾಭ ಚೆನ್ನಾಗಿದ್ದರೆ ದರ ಶೇಕಡಾ 20ರ ತನಕ ಏರುತ್ತದೆ, ಆದರೆ ಎಷ್ಟು ಏರಬೇಕು ಅನ್ನುವುದು ಕಂಪನಿಯ ಲಾಭ-ನಷ್ಟದ ಪತ್ರಿಕೆಯಿಂದ ಬರುವ ಲೆಕ್ಕ. ಒಬ್ಬ ಕೆಲಸಗಾರ್ತಿ ಪಗಾರ ಚೀಟಿ ಹಿಡಿದು ಅದನ್ನು ತಪಾಸಣೆ ಮಾಡಲಾರಳು. ಅವಳು ನೋಡಬಹುದಾದದ್ದು, ಪಕ್ಕದವಳಿಗೂ ತನಗೂ ಒಂದೇ ದರ ಹಾಕಿದ್ದಾರೋ ಇಲ್ಲವೋ ಅಂತ.

ನವೆಂಬರ್ ಮೊದಲ ವಾರ ಇಬ್ಬರೂ ಆ ಆಫೀಸಿಗೆ ಹೋದೆವು. ಪೌಡ್ ರಸ್ತೆಯ ಟ್ರಾಫಿಕ್‌ನಲ್ಲಿ ರಿಕ್ಷಾದಲ್ಲಿ ಕೂತು ಅವಳು ಎರಡು ಸಲ ಕೇಳಿದಳು, "ಅಕ್ಕಾರ, ಬೈತಾರೇನ್ರಿ?" ಲೆಕ್ಕಪತ್ರ ನೋಡುವವರು ಒಬ್ಬ ಮರಾಠಿ ತರುಣ, ಮಾತಿನಲ್ಲಿ ಸೌಮ್ಯ. ತಿಂಗಳ ವಿಷಯ ಐದು ನಿಮಿಷದಲ್ಲಿ ಒಪ್ಪಿದ. ಮೂವತ್ತು ದಿನದ ಸಾಲು ತೋರಿಸಿದೆ, "ಹೋ, ಬರೋಬರ್ ಆಹೇ" ಅಂದ. 7,000ಕ್ಕೆ ಬಂದಾಗ ಮಾತ್ರ ಗಟ್ಟಿಯಾದ. "ಸಾತ್ ಹಜಾರ್ ಕಾಯ್ದ್ಯಾತಚ್ ಆಹೇ" ಅಂದ. ಕಾಯ್ದೆಯಲ್ಲೇ ಇದೆ ಅನ್ನುವುದು ಅವನ ಮಾತು. ಸುಳ್ಳಲ್ಲ, ಅರ್ಧ. ನಾನು 12ನೆಯ ಕಲಮಿನ ಅದೇ ವಾಕ್ಯವನ್ನು ಮುಂದಕ್ಕೆ ಓದು ಅಂದೆ. ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆಡಿಟರನ್ನು ಕೇಳುತ್ತೇನೆ" ಅಂದ.

ನಾವು ಒಂದು ಪುಟದ ಅರ್ಜಿ ಕೊಟ್ಟು ಬಂದೆವು. ಅದರಲ್ಲಿ ಸಿಟ್ಟಿನ ಮಾತು ಒಂದೂ ಇರಲಿಲ್ಲ. ಸೇರಿದ ತಾರೀಕು, ಏಳು ತಿಂಗಳ ಮೂಲ-ಭತ್ತೆ, ಕನಿಷ್ಠ ವೇತನದ ಪಟ್ಟಿಯ ಪ್ರತಿ, ಬರಬೇಕಾದ ಮೊತ್ತ, ಬಂದ ಮೊತ್ತ. ಒಂದು ಪ್ರತಿಯ ಮೇಲೆ ಅವರ ಸಹಿ ಮತ್ತು ತಾರೀಕು ತೆಗೆದುಕೊಂಡೆವು. ಆ ತಾರೀಕು ಬೇಕಾಗುತ್ತದೆ. ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಕೊಡಬೇಕು, ಅಂದರೆ ಮಾರ್ಚ್‌ಗೆ ಮುಗಿದ ವರ್ಷದ್ದು ನವೆಂಬರ್ 30ರೊಳಗೆ. ಕೊಡದಿದ್ದರೆ ವಸೂಲಿಗೆ ಸರ್ಕಾರಕ್ಕೆ ಅರ್ಜಿ ಹಾಕಲು 1965ರ ಕಾಯ್ದೆಯಲ್ಲಿ ಒಂದು ವರ್ಷದ ಅವಧಿ ಇತ್ತು. ಅದಕ್ಕೆ ಕಾರ್ಮಿಕ ಇಲಾಖೆಯ ಕಚೇರಿ ಇದೆ. ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ.

ನವೆಂಬರ್ 28ಕ್ಕೆ 5,473 ರೂಪಾಯಿ ಬಂತು. ಅವಳು ಬೆಂಡೋಲೆ ಬಿಡಿಸಿಕೊಂಡಳು. ಗಿರವಿಯ ಬಡ್ಡಿ ಸೇರಿ ಸ್ವಲ್ಪ ಕೈಯಿಂದ ಹಾಕಬೇಕಾಯಿತು.

ಅಷ್ಟರಲ್ಲಿ ಕಾನೂನೇ ಬದಲಾಯಿತು. 2025ರ ನವೆಂಬರ್ 21ರಿಂದ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ, 1965ರ ಕಾಯ್ದೆ ಅದರೊಳಗೆ ಸೇರಿಹೋಯಿತು. ಮೂವತ್ತು ದಿನ, ಶೇಕಡಾ 8.33, ಶೇಕಡಾ 20 ಮೊದಲಿನ ಹಾಗೇ ಇವೆ. ಮಿತಿ ಅಥವಾ ಕನಿಷ್ಠ ವೇತನ, ಹೆಚ್ಚಿನದು ಅನ್ನುವ ಮಾತೂ ಉಳಿದಿದೆ. ಬದಲಾದದ್ದರಲ್ಲಿ ಎರಡು ಮಾತು ಹೇಳುತ್ತೇನೆ. 21,000, 7,000 ಅಂಥ ಅಂಕಿಗಳನ್ನು ಈಗ ಕಾನೂನಿನೊಳಗೆ ಬರೆದಿಲ್ಲ, ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಪಡಿಸುತ್ತದೆ. ಆದ್ದರಿಂದ ಬರುವ ದೀಪಾವಳಿಗೆ ಲೆಕ್ಕ ಹಾಕುವ ಮುಂಚೆ ಆ ಅಧಿಸೂಚನೆ ನೋಡಲೇಬೇಕು, ನನ್ನ ಇವತ್ತಿನ ಅಂಕಿ ಹಿಡಿದುಕೊಂಡು ಹೋಗಬೇಡಿ. ಇನ್ನೊಂದು, ಹೊರಗಿಡುವ ಭತ್ತೆಗಳು ಒಟ್ಟು ಪಗಾರದ ಅರ್ಧವನ್ನು ದಾಟಿದರೆ, ದಾಟಿದಷ್ಟನ್ನು ಪಗಾರಕ್ಕೇ ಸೇರಿಸಬೇಕು. ಮೂಲ ವೇತನ ಕಡಿಮೆ ತೋರಿಸಿ ಭತ್ತೆ ಹೆಚ್ಚು ಬರೆಯುವ ಚಾಳಿಗೆ ಇದು ಕಡಿವಾಣ. ಆದರೆ ಅದೇ ಕಾರಣಕ್ಕೆ ಕೆಲವರ ಪಗಾರ ಬಾಗಿಲಿನ ಮಿತಿಯನ್ನು ದಾಟಿ ಅವರು ಹೊರಗೆ ಬೀಳಲೂಬಹುದು. ಎರಡೂ ಕಡೆ ಲೆಕ್ಕ ಹಾಕಿ ನೋಡಬೇಕು.

ಇನ್ನು ಒಂದೇ ಮಾತು. ಇವಳು ಕೆಲಸ ಬಿಟ್ಟವಳಾದ್ದರಿಂದ ಕೇಳಲು ಸಾಧ್ಯವಾಯಿತು. ಒಳಗೆ ಇದ್ದವರು ಏಪ್ರಿಲ್‌ನಿಂದ ಮಾರ್ಚ್ ತನಕ ಹನ್ನೆರಡು ತಿಂಗಳೂ ದುಡಿದು, 7,000ದ ಮೇಲೆಯೇ ಲೆಕ್ಕ ಹಾಕಿಸಿಕೊಂಡವರು. ಅವರು ಕೇಳಲಿಲ್ಲ, ನಾಳೆ ಗೇಟಿನೊಳಗೆ ಬಿಡದಿದ್ದರೆ ಅಂತ. ಇವಳು ತನ್ನ ಅರ್ಜಿಯ ಫೋಟೋ ಅವರ ಗುಂಪಿಗೆ ಕಳಿಸಿದಳು. ಡಿಸೆಂಬರಿನಲ್ಲಿ ಮೂವರು ಹೆಂಗಸರು ಪಗಾರ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಇಬ್ಬರದು ಬಾಕಿ ಇದೆ, ಅರ್ಜಿ ಬರೆದಿದ್ದೇವೆ, ಮೂರೂ ಜನ ಒಟ್ಟಿಗೇ ಹೋಗಿ ಕೊಡುತ್ತೇವೆ ಅಂತ ಅವರೇ ತೀರ್ಮಾನಿಸಿದ್ದಾರೆ. ಮೂರನೆಯವಳು ಬೇರೆ ಕಂಪನಿಯವಳು, ಅವಳದನ್ನು 0.0833ರಿಂದ ಭಾಗಿಸಿದರೆ ಪೈಸೆಗೆ ಪೈಸೆ ಸರಿಯಾಗಿತ್ತು. "ಸರಿ ಐತಿ ಅಂತ ಗೊತ್ತಾದ್ರೂ ಸಮಾಧಾನ ಆಗ್ತದ್ರೀ" ಅಂತ ಚಹಾ ಕುಡಿದು ಹೋದಳು. ಆ ಇಬ್ಬರ ಜೊತೆ ಅವಳೂ ಹೋಗುತ್ತಾಳೆ, ಮುಂದಿನ ಸೋಮವಾರ.